ವಿಜಯಮ್ಮ ಮಗಳ ಕೆನ್ನೆಗೆ ಹಚ್ಚಿದ್ದು

ವಿಜಯಮ್ಮನಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಗಂಡ ಹೋದ ಮೇಲೆ ಬಂದ ರೋಗ ಅದು. ಊಟಕ್ಕೆ ಕೂತರೆ ನಡುವೆ ಎದ್ದು ಹೋಗಿ ಬಾಗಿಲ ಚಿಲಕ ನೋಡುವಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಎರಡು ಸ್ಟಾಪ್ ಮುಂಚೆ ಎದ್ದು ನಿಲ್ಲುವಳು. ಆಫೀಸಿನಲ್ಲಿ ಈ ರೋಗ ಉಪಕಾರಕ್ಕೇ ಬಂತು. ಫೈಲು ಹೊತ್ತು ಮೂರನೇ ಮಹಡಿಯಿಂದ ಒಂದನೇ ಮಹಡಿಗೆ ಓಡಾಡುವ ಕೆಲಸಕ್ಕೆ ಕೂರಲಾರದವಳೇ ಬೇಕು.

ಗಂಡ ಈಶ್ವರಪ್ಪ ಅದೇ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಹೊಸದುರ್ಗದ ಕಡೆಯವನು. ಮದುವೆಯಾದ ವರ್ಷವೇ ಅವಳನ್ನು ದೆಹಲಿಗೆ ಕರೆತಂದ. ಎರಡು ಸಾವಿರದ ಆರರ ಮಾರ್ಚ್ ತಿಂಗಳಲ್ಲಿ ಆಫೀಸಿಗೆ ಹೋಗುವ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಅನುಕಂಪದ ಮೇಲೆ ಅವನ ಇಲಾಖೆಯಲ್ಲೇ ಹೆಂಡತಿಗೆ ಕೆಲಸ ಕೊಟ್ಟರು. ಐದನೇ ಕ್ಲಾಸಿನವರೆಗೆ ಓದಿದವಳಿಗೆ ಗುಮಾಸ್ತೆಯ ಕುರ್ಚಿ ಸಿಕ್ಕೀತೇ? ಪ್ಯೂನ್ ಕೆಲಸ ಸಿಕ್ಕಿತು. ಗಂಡ ಕೂರುತ್ತಿದ್ದ ಮೇಜಿಗೆ ನೀರು ತಂದಿಡುವ ಕೆಲಸ. ಅಲ್ಲಿ ಈಗ ಬೇರೆ ಯಾರೋ ಕೂರುತ್ತಿದ್ದರು. ಅವಳು ನೀರಿಟ್ಟು ಬರುತ್ತಿದ್ದಳು.

ಸತ್ತವನ ಬಟ್ಟೆಯನ್ನು ಕೊಟ್ಟುಬಿಟ್ಟಳು. ಕನ್ನಡಕ ಕೊಟ್ಟಳು. ಮದ್ದನ್ನು ಮಾತ್ರ ಬಿಸಾಡಲಾಗಲಿಲ್ಲ. ಈಶ್ವರಪ್ಪನಿಗೆ ಮೊಣಕೈ, ಮೊಣಕಾಲಿನ ಮೇಲೆ ಸೋರಿಯಾಸಿಸ್ ಇತ್ತು. ಬೆಳ್ಳಗೆ ಹೊಟ್ಟು ಏಳುತ್ತಿತ್ತು. ಸರ್ಕಾರಿ ನೌಕರರ ಡಿಸ್ಪೆನ್ಸರಿಯಿಂದ ತಿಂಗಳು ತಿಂಗಳು ಮುಲಾಮಿನ ಟ್ಯೂಬು ಕೊಡುತ್ತಿದ್ದರು. ಅವನು ಜುಗ್ಗ, ಒಂದೊಂದು ಹನಿ ಹಚ್ಚುವನು. ಹೀಗೆ ಉಳಿದ ಟ್ಯೂಬುಗಳು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿದ್ದವು. ರಟ್ಟಿನ ಪೆಟ್ಟಿಗೆಗಳ ಮೇಲೆ ಕಂಪೌಂಡರ್ ಬರೆದ ಅವನ ಹೆಸರು ಇತ್ತು.

ಮಗಳು ಮಯೂರಿಗೆ ಹತ್ತೊಂಬತ್ತರಿಂದಲೇ ಮೊಡವೆ. ಅಪ್ಪ ಸತ್ತ ಮೇಲೆ ಅವು ಗುಂಪು ಗುಂಪಾಗಿ, ದಪ್ಪಗೆ, ಗಂಟು ಕಟ್ಟಿಕೊಂಡು ಎದ್ದವು. ಅವಳೋ ಕನ್ನಡಿ ಮುಂದೆ ನಿಂತು ಹಿಸುಕುವಳು. ವಿಜಯಮ್ಮ ಒಂದು ದಿನ, ಯಾವ ಯೋಚನೆಯೂ ಇಲ್ಲದೆ, ಗಂಡನ ಟ್ಯೂಬಿನಿಂದ ಚೂರು ತೆಗೆದು ಮಗಳು ಮಲಗಿದ್ದಾಗ ಒಂದು ಮೊಡವೆಗೆ ಹಚ್ಚಿದಳು. ಎರಡನೇ ದಿನಕ್ಕೆ ಅದು ಕೂತೇಹೋಯಿತು. ಕೆಂಪು ಹೋಗಿ ಚರ್ಮ ನುಣ್ಣಗೆ, ಬೆಳ್ಳಗೆ ಕಂಡಿತು.

ಅವಳಿಗೆ ಅವನು ಹೋದರೂ ಮಗಳಿಗೆ ಇಷ್ಟು ಮಾಡಿದನಲ್ಲ ಎನ್ನಿಸಿತು.

ಸತ್ತ ಅಪ್ಪನ ಹೊಟ್ಟೇಳುವ ಮೊಣಕೈಯ ಮದ್ದು ಎಂದರೆ ಮಗಳು ಮುಟ್ಟುವಳೇ? ಅದಕ್ಕೆ ವಿಜಯಮ್ಮ ಟ್ಯೂಬನ್ನು ಕೋಲ್ಡ್ ಕ್ರೀಮಿನ ಖಾಲಿ ಡಬ್ಬಿಗೆ ಹಿಂಡಿ, ಮೇಲೆ ಚಿಟಿಕೆ ಅರಿಶಿನ ಕಲಸಿದಳು. "ಊರಿಂದ ನಿಮ್ಮ ಸೋದರತ್ತೆ ಕಳಿಸಿದ್ದು ಕಣೇ, ನಾಟಿ ಮುಲಾಮು" ಎಂದಳು. ಮಯೂರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬೆಳಗ್ಗೆ, ಸಂಜೆ ಹಚ್ಚಿಕೊಂಡಳು. ಬಿಟ್ಟರೆ ಏಳುವುದು, ಹಚ್ಚಿದರೆ ಕೂರುವುದು. ಎದ್ದಾಗ ಆಳಕ್ಕೆ ಎದ್ದು, ಕೂತಾಗ ಗುಂಡಿ ಬಿಟ್ಟು ಕೂರುವುದು. ಎರಡು ಕೆನ್ನೆಯೂ ಹೊಂಡ ಹೊಂಡವಾದವು.

ಎರಡು ಸಾವಿರದ ಏಳರಲ್ಲಿ ಮಯೂರಿಗೆ ಇಪ್ಪತ್ತೊಂದು. ಒಂದು ವಿಮಾನ ಕಂಪನಿಯ ಗಗನಸಖಿ ಕೆಲಸಕ್ಕೆ ಎರಡು ಸುತ್ತು ಪಾಸಾದಳು. ಎತ್ತರ ಇತ್ತು, ಇಂಗ್ಲಿಷ್ ಇತ್ತು. ಕೊನೆಯ ಸುತ್ತಿಗೆ ಐದು ವಾರ ಉಳಿದಿತ್ತು. ಆ ಸುತ್ತಿನಲ್ಲಿ ಮೇಕಪ್ ತೆಗೆಸಿ ಮುಖ ನೋಡುತ್ತಾರಂತೆ.

"ಲೇಸರ್ ಮಾಡಿಸ್ತೀನಿ ಅಮ್ಮ" ಎಂದಳು ಮಯೂರಿ. "ಒಂದೇ ಸಿಟ್ಟಿಂಗ್. ನೆಟ್ಟಲ್ಲಿ ಓದಿದೀನಿ."

"ಯಾರ ಹತ್ರ?"

"ಕರ್ನಾಟಕದವರೇ. ಡಾಕ್ಟರ್ ಇಂದುಶೇಖರ. ಸೆಕ್ಟರ್ ಹತ್ತರ ಮಾರ್ಕೆಟ್ಟಲ್ಲಿ ಸಂಜೆ ಕೂರ್ತಾರೆ. ನೀನೂ ಬಾ. ನಿನ್ನ ಜೊತೆ ಕನ್ನಡ ಮಾತಾಡ್ತಾರೆ, ಖುಷಿಯಾಗತ್ತೆ ನಿಂಗೆ."

ದ್ವಾರಕಾದಲ್ಲಿ ಅವರ ಮನೆಯಿಂದ ಕ್ಲಿನಿಕ್ಕಿಗೆ ನಡೆದೇ ಹೋಗಬಹುದಿತ್ತು. ಆಗಸ್ಟಿನ ಸೆಕೆ. ವಿಜಯಮ್ಮ ದಾರಿಯುದ್ದಕ್ಕೂ ಮಗಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು.

ಇಂದುಶೇಖರ ಐವತ್ತು ದಾಟಿದ ಮನುಷ್ಯ. ದಾವಣಗೆರೆಯವರು. ಬೆಳಗ್ಗೆ ದೊಡ್ಡ ಆಸ್ಪತ್ರೆ, ಸಂಜೆ ಈ ಕೋಣೆ. ಮಯೂರಿಯನ್ನು ಕೂರಿಸಿ, ಟ್ಯೂಬ್‌ಲೈಟು ಆರಿಸಿ, ಟಾರ್ಚನ್ನು ಕೆನ್ನೆಯ ಪಕ್ಕದಿಂದ ಹಿಡಿದರು. ಎದುರಿನಿಂದ ಕಾಣದ ಗುಂಡಿಗಳೆಲ್ಲ ನೆರಳು ತುಂಬಿಕೊಂಡು ಎದ್ದು ನಿಂತವು. ವಿಜಯಮ್ಮ ಮುಖ ತಿರುಗಿಸಿದಳು.

"ನೋಡಮ್ಮ, ಗುಂಡಿ ಅಂದ್ರೆ ಎಲ್ಲಾ ಒಂದೇ ಅಲ್ಲ" ಎಂದರು ಡಾಕ್ಟರು. "ಇಲ್ಲಿ, ಮೂಗಿನ ಪಕ್ಕ, ಇವು ಸೂಜಿ ಚುಚ್ಚಿದ ಹಾಗಿವೆ. ಬಾಯಿ ಚಿಕ್ಕದು, ಆಳ ಜಾಸ್ತಿ. ಇವು ಅಗಲ, ಅಂಚು ಕಡಿದ ಹಾಗೆ, ಸಣ್ಣ ಬಟ್ಟಲಿನ ತರ. ಇಲ್ಲಿ ಕೆಳಗೆ ಅಲೆ ಅಲೆಯಾಗಿದೆ." ಕೆನ್ನೆಯನ್ನು ಎರಡು ಬೆರಳಿನಿಂದ ಅಗಲಿಸಿದರು. "ಎಳೆದ್ರೆ ಹೋಗುತ್ತೆ, ಬಿಟ್ರೆ ಬರುತ್ತೆ. ಅಂದ್ರೆ ಒಳಗಿಂದ ನಾರು ಚರ್ಮಾನ ಹಿಡಿದು ಕೆಳಕ್ಕೆ ಜಗ್ಗಿದೆ."

"ಲೇಸರ್ ಮಾಡಿದ್ರೆ ಎಲ್ಲಾ ಹೋಗುತ್ತಲ್ಲಾ ಸರ್?"

"ಎಲ್ಲಾ ಯಾವುದ್ರಲ್ಲೂ ಹೋಗಲ್ಲ. ಅರ್ಧ ಹೋದ್ರೆ ನಾನೂ ಖುಷಿ, ನೀನೂ ಖುಷಿ. ನೂರಕ್ಕೆ ನೂರು ಅಂತ ಯಾರಾದ್ರೂ ಹೇಳಿದ್ರೆ ಚಪ್ಪಲಿ ಹಾಕ್ಕೊಂಡು ಎದ್ದು ಬಾ."

ಮಯೂರಿ ನಗಲಿಲ್ಲ.

ಅವರು ನಿಧಾನವಾಗಿ ಹೇಳುತ್ತ ಹೋದರು. ಸೂಜಿಯಂಥ ಗುಂಡಿಗೆ ಕಡ್ಡಿಯ ತುದಿಯಲ್ಲಿ ಗಟ್ಟಿ ಆಸಿಡ್ ಅದ್ದಿ, ಗುಂಡಿಯ ಒಳಕ್ಕೆ ಮಾತ್ರ ಮುಟ್ಟಿಸುವುದು. ಅದು ತಳದಿಂದ ತುಂಬಿಕೊಂಡು ಬರುತ್ತದೆ. ಜಗ್ಗಿದ ಗುಂಡಿಗೆ ಮರಗಟ್ಟಿಸಿ, ಚರ್ಮದ ಕೆಳಗೆ ಸೂಜಿ ಹಾಕಿ ನಾರನ್ನು ಕತ್ತರಿಸಿ ಬಿಡಿಸುವುದು. ನಾಲ್ಕಾರು ದಿನ ನೀಲಿಗಟ್ಟಿದ ಪೆಟ್ಟಿನ ಹಾಗೆ ಕಾಣುತ್ತದೆ. ಉಳಿದದ್ದಕ್ಕೆಲ್ಲ ರೋಲರ್. ಡ್ರಾಯರಿನಿಂದ ಅವರು ಒಂದು ಪುಟ್ಟ ಉರುಳೆ ತೆಗೆದು ತೋರಿಸಿದರು. ಮೈ ತುಂಬ ಕೂದಲಿನಷ್ಟು ಸಣ್ಣ ಸೂಜಿ.

"ಇದು ಇತ್ತೀಚೆಗೆ ಬಂದದ್ದು. ಮುಖಕ್ಕೆ ಮರಗಟ್ಟಿಸೋ ಕ್ರೀಮು ಹಚ್ಚಿ ಮುಕ್ಕಾಲು ಗಂಟೆ ಒಂದು ಗಂಟೆ ಕೂರಿಸ್ತೀವಿ. ಆಮೇಲೆ ಇದನ್ನ ಉರುಳಿಸ್ತೀವಿ. ಚುಕ್ಕೆ ಚುಕ್ಕೆ ರಕ್ತ ಬರುತ್ತೆ. ಎರಡು ಮೂರು ದಿನ ಕೆಂಪು. ಚರ್ಮಕ್ಕೆ ಗಾಯ ಆಯ್ತು ಅನ್ನಿಸುತ್ತೆ, ಒಳಗೆ ಹೊಸ ನಾರು ಕಟ್ಟೋಕೆ ಶುರು ಮಾಡುತ್ತೆ. ತಿಂಗಳಿಗೆ, ಆರು ವಾರಕ್ಕೆ ಒಂದು ಸಲ. ನಾಲ್ಕು ಸಲ ಆದ್ರೂ ಬೇಕು. ಫಲ ಕಾಣೋಕೆ ಅದರ ಮೇಲೂ ತಿಂಗಳುಗಳು."

"ಒಬ್ಬರಿಗೆ ಹಾಕಿದ್ದನ್ನೇ ಇನ್ನೊಬ್ಬರಿಗೆ ಹಾಕ್ತೀರಾ?" ಎಂದಳು ವಿಜಯಮ್ಮ.

"ಇಲ್ಲಮ್ಮಾ. ಅವರವರದ್ದು ಅವರವರಿಗೆ. ಒಳ್ಳೇ ಪ್ರಶ್ನೆ ಕೇಳಿದ್ರಿ."

"ಮತ್ತೆ ಲೇಸರ್?" ಮಯೂರಿ ಬಿಡಲಿಲ್ಲ.

"ಹಳೇ ಲೇಸರ್ ಮೇಲಿನ ಚರ್ಮಾನ ಪೂರ್ತಿ ಸುಲೀತಿತ್ತು. ನಮ್ಮ ಬಣ್ಣದವರಿಗೆ ಕಪ್ಪು ಕಲೆ ಬಿಟ್ಟು ಹೋಗ್ತಿತ್ತು. ಈಗಿನ ಹೊಸದು ಹೊಲಕ್ಕೆ ಅಲ್ಲಲ್ಲಿ ಗುಣಿ ತೆಗೆದ ಹಾಗೆ. ಮಧ್ಯದ ನೆಲ ಹಾಗೇ ಉಳಿಯುತ್ತೆ, ಅದರಿಂದ ಬೇಗ ವಾಸಿ. ಆದ್ರೂ ಕಪ್ಪಾಗೋ ಭಯ ಇದ್ದೇ ಇದೆ. ದೆಹಲೀಲಿ ಕೆಲವೇ ಕಡೆ ಇದೆ, ದುಬಾರಿ, ಅದಕ್ಕೂ ಮೂರು ನಾಲ್ಕು ಸಲ ಬೇಕು."

"ಪೀಲ್? ಆಸಿಡ್ ಬಳಿದು ಮೇಲಿನ ಚರ್ಮ ಸುಲಿಯೋದು?"

"ಹಗುರ ಪೀಲ್ ಮೇಲಿನ ಕಲೆಗೆ, ಬಣ್ಣಕ್ಕೆ ಒಳ್ಳೇದು. ಗುಂಡಿಯ ತಳ ಅದಕ್ಕೆ ಮುಟ್ಟಲ್ಲ. ಮುಟ್ಟೋ ಹಾಗೆ ಗಟ್ಟಿ ಪೀಲ್ ಮುಖಕ್ಕೆಲ್ಲಾ ಬಳಿದ್ರೆ ನಮ್ಮ ಚರ್ಮ ಸುಟ್ಟು ಕಪ್ಪಾಗುತ್ತೆ. ಪಾರ್ಲರಲ್ಲಿ ಬಾಟಲಿ ಮೇಲೆ ಎಷ್ಟು ಗಟ್ಟಿ ಅಂತಾನೂ ಬರೆದಿರಲ್ಲ." ಅವರು ಟಾರ್ಚನ್ನು ಇಟ್ಟು ಭೂತಗನ್ನಡಿ ತೆಗೆದುಕೊಂಡರು. ಕೆನ್ನೆಯ ಹತ್ತಿರಕ್ಕೆ ಬಾಗಿದರು. "ಮುಖಕ್ಕೆ ಏನು ಹಚ್ತೀಯಮ್ಮ?"

"ಏನಿಲ್ಲ ಸರ್. ಅಮ್ಮನ ಒಂದು ನಾಟಿ ಮುಲಾಮು. ಹರ್ಬಲ್."

"ಏನಿದೆ ಅದ್ರಲ್ಲಿ?" ಡಾಕ್ಟರು ವಿಜಯಮ್ಮನ ಕಡೆ ತಿರುಗಿದರು.

ವಿಜಯಮ್ಮನ ನಾಲಿಗೆ ತಾನೇ ಮುಂದೆ ಓಡಿತು. "ಅರಿಶಿನ, ಬೇವು, ಬೆಣ್ಣೆ. ಅಷ್ಟೇ ಡಾಕ್ಟರೇ."

"ಅರಿಶಿನ ಬೇವಿಗೆ ಚರ್ಮ ಹೀಗೆ ಹಾಳೆಯಷ್ಟು ತೆಳ್ಳಗಾಗಲ್ಲ ಅಮ್ಮಾ. ಇಲ್ಲಿ ನೋಡಿ, ರಕ್ತದ ಎಳೆಗಳು ಕಾಣ್ತಿವೆ. ಸಣ್ಣ ಕೂದಲು ಬಂದಿದೆ. ಇಂಥದ್ದು ಸ್ಟಿರಾಯ್ಡ್ ಇರೋ ಟ್ಯೂಬು ತಿಂಗಳುಗಟ್ಟಲೆ ಹಚ್ಚಿದವರಲ್ಲಿ ನೋಡ್ತೀನಿ. ಇಸಬು, ಸೋರಿಯಾಸಿಸ್ ಅಂಥದ್ದಕ್ಕೆ ಕೊಡೋದು. ಮುಖಕ್ಕಲ್ಲ. ಮೊದಲು ಮೊಡವೆ ಕೂರಿಸುತ್ತೆ, ಆಮೇಲೆ ಅದೇ ಎಬ್ಬಿಸುತ್ತೆ. ನಾಟಿಯವರೂ ಈಗ ಕಲಸ್ತಾರೆ. ಶನಿವಾರ ಆ ಡಬ್ಬಿ ತನ್ನಿ. ಅದನ್ನ ನೋಡದೆ ನಾನು ಸೂಜಿ ಮುಟ್ಟಲ್ಲ. ಇವತ್ತು ಸನ್‌ಸ್ಕ್ರೀನ್ ಒಂದೇ ಬರೆದುಕೊಡ್ತೀನಿ."

ವಿಜಯಮ್ಮ ಎದ್ದು ನಿಂತಳು. ಯಾಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂತಳು.

ದಾರಿಯಲ್ಲಿ ಮಯೂರಿ ಕುದಿಯುತ್ತಿದ್ದಳು. "ನಾಲ್ಕು ಸಿಟ್ಟಿಂಗ್! ಐದು ವಾರದಲ್ಲಿ ಇಂಟರ್‌ವ್ಯೂ ಇದೆ ಅಂತ ಹೇಳಿದ್ರೂ ಹೊಲ, ಗುಣಿ ಅಂತ ಕಥೆ. ಅಮ್ಮ, ನಿನ್ನ ಮುಲಾಮಲ್ಲಿ ಏನಾದ್ರೂ ಇದ್ಯಾ ನಿಜವಾಗ್ಲೂ?"

"ಅತ್ತೆ ಯಾಕೆ ವಿಷ ಕಳಿಸ್ತಾಳೆ?"

"ಅದೂ ಸರಿ."

ಇಷ್ಟೇ. ಹೇಳಲು ಅಲ್ಲೇ ಜಾಗವಿತ್ತು. ಹೇಳಲಿಲ್ಲ.

ಮನೆಗೆ ಬಂದವಳೇ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಸೋಪು ಹಾಕಿ ಉಜ್ಜಿ, ನಿಜವಾಗಿಯೂ ಬೆಣ್ಣೆ ಅರಿಶಿನ ಬೇವು ಅರೆದು ತುಂಬಿದಳು. ಶನಿವಾರ ಡಾಕ್ಟರಿಗೆ ತೋರಿಸಲು ಒಂದು ಸುಳ್ಳು ತಯಾರಾಯಿತು. ಬಿಸ್ಕತ್ತಿನ ಡಬ್ಬವನ್ನು ಹಳೆ ದಿಂಬಿನ ಹೊದಿಕೆಯಲ್ಲಿ ಸುತ್ತಿ ಅಟ್ಟದ ಮೇಲೆ ತಳ್ಳಿದಳು. ವಿಷ ನಿಂತಿತು, ಇನ್ನು ತಾನಾಗಿ ಸರಿಹೋಗುತ್ತದೆ ಎಂದುಕೊಂಡಳು. ಓದು ಬಾರದವರಿಗಷ್ಟೇ ಇಂಥ ಧೈರ್ಯ ಇರುತ್ತದೆ ಎನ್ನಲಾಗದು. ಹೆದರಿದವರಿಗೆಲ್ಲ ಇರುತ್ತದೆ.

ಮೂರನೇ ದಿನ ಮಯೂರಿಯ ಮುಖ ಉರಿಯತೊಡಗಿತು. ನಾಲ್ಕನೇ ದಿನ ಕೆಂಡದಂತಾಯಿತು. ನೀರು ಮುಟ್ಟಿಸಿದರೂ ಚುರುಗುಡುವುದು. ಗಲ್ಲ, ಕೆನ್ನೆ, ಹಣೆಯ ತುಂಬ ಕೀವುಗುಳ್ಳೆಗಳು. ಅವಳು ಕನ್ನಡಿಯ ಮೇಲೆ ಟವೆಲು ಹಾಕಿದಳು.

"ಆ ಡಾಕ್ಟರ್ ಕೊಟ್ಟ ಸನ್‌ಸ್ಕ್ರೀನ್! ಅದೇ ಸುಟ್ಟಿದ್ದು. ನಾಲ್ಕು ದಿನದ ಹಿಂದೆ ಹೇಗಿತ್ತು ಮುಖ, ನೀನೇ ಹೇಳು."

"ತಣ್ಣೀರು ಬಟ್ಟೆ ಹಾಕು."

"ಹೇಳು ಅಂದ್ರೆ!"

"ಚೆನ್ನಾಗಿತ್ತು."

"ಮುಲಾಮಾದ್ರೂ ಇನ್ನಷ್ಟು ಹಚ್ಚು. ಅದೂ ಈಗ ಕೆಲಸ ಮಾಡ್ತಿಲ್ಲ. ಸಬ್ ಬೇಕಾರ್, ಎಲ್ಲಾ ದಂಡ."

ವಿಜಯಮ್ಮ ಬೆಣ್ಣೆ ಅರಿಶಿನ ಹಚ್ಚಿದಳು. ಬೆರಳ ಕೆಳಗೆ ಮಗಳ ಕೆನ್ನೆ ಜ್ವರ ಬಂದಂತೆ ಕಾಯುತ್ತಿತ್ತು. ಆ ಇರುಳು ಅವಳು ಅಡಿಗೆಮನೆಯ ಪಾತ್ರೆಗಳನ್ನೆಲ್ಲ ಇಳಿಸಿ ಮತ್ತೆ ತೊಳೆದಳು.

ಶುಕ್ರವಾರ ಮಧ್ಯಾಹ್ನ ಆಫೀಸಿಗೆ ಫೋನು ಬಂತು. ಸೆಕ್ಷನ್ನಿನ ಚಂದ್ರಪ್ರಭಾ ಮೇಡಂ ಕರೆದು ಕೊಟ್ಟರು. ಮಂಡ್ಯದ ಕಡೆಯವರು, ಬಾಯಿ ಜೋರು, ಮನಸ್ಸು ಒಳ್ಳೆಯದು.

"ಅಮ್ಮ, ನಾನು ಕರೋಲ್ ಬಾಗಲ್ಲಿದೀನಿ" ಎಂದಳು ಮಯೂರಿ. "ಹುಬ್ಬಿನ ಥ್ರೆಡ್ಡಿಂಗ್‌ಗೆ ಹೋಗ್ತೀವಲ್ಲ, ಅದೇ ಪಾರ್ಲರ್. ದೀದಿ ಪೀಲ್ ಮಾಡ್ತಾರಂತೆ. ಸ್ಟ್ರಾಂಗ್ ವಾಲಾ. ಎಲ್ಲಾ ಸುಲಿದು ಹೋಗಿ ಹತ್ತು ದಿನಕ್ಕೆ ಹೊಸ ಸ್ಕಿನ್. ನಂಗೆ ಕಾಯಕ್ಕಾಗಲ್ಲ ಅಮ್ಮ. ನಿಂಗೆ ಹೇಳೋಣ ಅಂತ ಅಷ್ಟೇ."

"ಮಯೂರಿ, ಬೇಡ. ಕೇಳಿಲ್ಲಿ—"

"ಚಲೋ, ನನ್ನ ನಂಬರ್ ಬಂತು." ಫೋನು ಕಟ್ಟಾಯಿತು.

ವಿಜಯಮ್ಮ ರಿಸೀವರ್ ಹಿಡಿದೇ ನಿಂತಳು. ತಿರುಗಿ ಮಾಡಿಸಿದರೆ ಮೊಬೈಲು ಆಫ್.

"ಏನಾಯ್ತ್ರೀ?" ಎಂದರು ಚಂದ್ರಪ್ರಭಾ. "ಮುಖ ಯಾಕ್ ಹಿಂಗೆ?"

"ಅರ್ಧ ದಿನ ರಜಾ ಕೊಡಿ ಮೇಡಂ."

"ಅರ್ಜಿ ಬರೆದುಕೊಡ್ರಿ."

"ಬರೆಯೋಕೆ ಹೊತ್ತಿಲ್ಲ. ಮಗಳ ಮುಖ ಸುಡ್ತಾರೆ."

ಚಂದ್ರಪ್ರಭಾ ಒಂದು ಕ್ಷಣ ಅವಳನ್ನು ನೋಡಿದರು. "ಅಯ್ಯೋ ಹೋಗ್ರೀ ಮೊದ್ಲು. ಅರ್ಜಿ ಯಾರಿಗೆ ಬೇಕು."

ಸೆಂಟ್ರಲ್ ಸೆಕ್ರೆಟೇರಿಯೆಟ್ಟಿನಲ್ಲಿ ಮೆಟ್ರೋ ಹತ್ತಿ, ರಾಜೀವ್ ಚೌಕದಲ್ಲಿ ಜನರ ನಡುವೆ ನುಗ್ಗಿ ಇನ್ನೊಂದು ಗಾಡಿ ಹಿಡಿದಳು. ಬೋಗಿಯೊಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಳು, ನಡೆದರೆ ಗಾಡಿ ಬೇಗ ಹೋದೀತೇನೋ ಎಂಬಂತೆ. "ಬೈಠ್ ಜಾವೋ ಆಂಟೀ" ಎಂದು ಯಾರೋ ಸೀಟು ಬಿಟ್ಟರು. ಅವಳಿಗೆ ಕೇಳಿಸಲಿಲ್ಲ. ಒಳಗೆ ಒಂದೇ ಮಾತು ಕುಟ್ಟುತ್ತಿತ್ತು. ಡಾಕ್ಟರು ಚರ್ಮ ಹಾಳೆಯಷ್ಟು ತೆಳ್ಳಗೆ ಅಂದರು. ಹಾಳೆಯ ಮೇಲೆ ಆಸಿಡ್ಡು ಬಿದ್ದರೆ ಏನಾಗುತ್ತದೆಂದು ತಿಳಿಯಲು ಓದು ಬೇಕಿಲ್ಲ.

ಕರೋಲ್ ಬಾಗಿನಲ್ಲಿ ಇಳಿದು ಸೈಕಲ್ ರಿಕ್ಷಾ ಹತ್ತಿದಳು. "ಜಲ್ದೀ ಭಯ್ಯಾ." ಸ್ವಲ್ಪ ದೂರಕ್ಕೇ ಗೂಡ್ಸ್ ಟೆಂಪೋ ಅಡ್ಡ ನಿಂತಿತ್ತು. ಅವನ ಕೈಗೆ ದುಡ್ಡು ತುರುಕಿ ಇಳಿದು ಓಡಿದಳು. ನಲವತ್ತಾರರ ಹೆಂಗಸು, ಸೆರಗು ಜಾರಿದರೂ ಎತ್ತಿಕೊಳ್ಳದೆ, ಸೂಟ್‌ಕೇಸ್ ಅಂಗಡಿಗಳ ಮುಂದೆ ಓಡಿದಳು.

ಪಾರ್ಲರು ಮೊದಲ ಮಹಡಿಯಲ್ಲಿತ್ತು. ಒಳಗೆ ಇಬ್ಬರು ಹುಬ್ಬು ಮಾಡಿಸಿಕೊಳ್ಳುತ್ತಿದ್ದರು. ಮೂಲೆಯ ಕುರ್ಚಿಯಲ್ಲಿ ಮಯೂರಿ, ಕಣ್ಣಿನ ಮೇಲೆ ಹತ್ತಿ. ದೀದಿಯ ಒಂದು ಕೈಯಲ್ಲಿ ಗಾಜಿನ ಬಟ್ಟಲು, ಇನ್ನೊಂದರಲ್ಲಿ ಬ್ರಶ್ಶು. ದವಡೆಯ ಮೇಲೆ ಒಂದು ಗೆರೆ ಆಗಲೇ ಎಳೆದಾಗಿತ್ತು. ಆ ಗೆರೆ ನೋಡನೋಡುತ್ತ ಸುಣ್ಣದಂತೆ ಬಿಳುಪಾಗುತ್ತಿತ್ತು. ಮಯೂರಿ ಹಲ್ಲು ಕಚ್ಚಿ ಕುರ್ಚಿಯ ಕೈ ಹಿಡಿದಿದ್ದಳು.

"ರುಕೋ!" ವಿಜಯಮ್ಮ ದೀದಿಯ ಮೊಣಕೈ ಹಿಡಿದೆಳೆದಳು.

"ಅರೇ, ಕೌನ್ ಹೋ ಆಪ್? ಗಿರ್ ಜಾಯೇಗಾ!"

ಮಯೂರಿ ಹತ್ತಿ ಕಿತ್ತಳು. "ಅಮ್ಮ! ಪಾಗಲ್ ಹೋ ಗಯೀ ಹೋ? ಎಲ್ಲರ ಮುಂದೆ?"

"ಏಳು. ಮುಖ ತೊಳಿ."

"ಏಳಲ್ಲ. ಇದು ನನ್ನ ಮುಖ. ನಾಲ್ಕೇ ವಾರ ಇದೆ, ಗೊತ್ತಾ ನಿಂಗೆ?"

"ಅದು ಅತ್ತೆ ಕಳಿಸಿದ್ದಲ್ಲ" ಎಂದಳು ವಿಜಯಮ್ಮ.

"ಯಾವುದು?"

"ಮುಲಾಮು. ನಿಮ್ಮಪ್ಪಂದು. ಮೊಣಕೈಗೆ ಹಚ್ಕೋತಿದ್ರಲ್ಲ, ಆ ಟ್ಯೂಬು. ನಾನೇ ಡಬ್ಬಿಗೆ ಹಾಕಿದ್ದು. ಡಾಕ್ಟರು ಹೇಳಿದ್ದು ಅದನ್ನೇ. ಕೇಳಿ ಹೆದರಿ ನಿಲ್ಲಿಸಿಬಿಟ್ಟೆ. ಅದಕ್ಕೇ ಹೀಗೆ ಎದ್ದಿದೆ. ಸನ್‌ಸ್ಕ್ರೀನ್ ಅಲ್ಲ. ಈ ಚರ್ಮದ ಮೇಲೆ ಆ ಆಸಿಡ್ ಬಳಿದ್ರೆ ಸುಟ್ಟುಹೋಗ್ತೀಯ. ಏಳು."

ಕನ್ನಡ ತಿಳಿಯದ ಹೆಂಗಸರೂ ನೂಲು ಹಿಡಿದ ಕೈ ನಿಲ್ಲಿಸಿ ನೋಡಿದರು. ಮಯೂರಿ ಎದ್ದು ನಲ್ಲಿಯ ಕೆಳಗೆ ಮುಖ ಒಡ್ಡಿದಳು. ವಿಜಯಮ್ಮ ನೀರು ಎರಚಲು ಕೈ ಚಾಚಿದಾಗ ಆ ಕೈಯನ್ನು ತಳ್ಳಿದಳು.

"ಮುಟ್ಟಬೇಡ."

ದ್ವಾರಕಾ ಬರುವವರೆಗೆ ಮೆಟ್ರೋದಲ್ಲಿ ಮಯೂರಿ ಒಂದು ಬಾಗಿಲ ಬಳಿ, ತಾಯಿ ಇನ್ನೊಂದು ಬಾಗಿಲ ಬಳಿ ನಿಂತರು.

ಮನೆಗೆ ಹೋಗದೆ ಸೀದಾ ಕ್ಲಿನಿಕ್ಕಿಗೆ ಹೋದರು. "ನೀನು ಹೊರಗೆ ಕೂತ್ಕೋ" ಎಂದು ಮಯೂರಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವಿಜಯಮ್ಮ ಕೂರಲಿಲ್ಲ. ಬಾಗಿಲಿನಿಂದ ನೀರಿನ ಕ್ಯಾನಿನವರೆಗೆ, ಕ್ಯಾನಿನಿಂದ ಬಾಗಿಲಿನವರೆಗೆ ನಡೆದಳು. ಹತ್ತು ನಿಮಿಷದಲ್ಲಿ ಬಾಗಿಲು ತೆರೆಯಿತು. ಡಾಕ್ಟರೇ ಬಂದಿದ್ದರು.

"ಬನ್ನಿ ಅಮ್ಮಾ. ಅವಳಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತು. ಎಷ್ಟು ತಿಂಗಳು, ದಿನಕ್ಕೆ ಎಷ್ಟು ಸಲ, ಯಾವ ಟ್ಯೂಬು?"

ವಿಜಯಮ್ಮ ಹೇಳಿದಳು. ಯಾವ ಹಬ್ಬದ ಮುಂಚೆ ಶುರು ಮಾಡಿದ್ದು, ಯಾವ ಪರೀಕ್ಷೆಗೆ ಜಾಸ್ತಿ ಹಚ್ಚಿದ್ದು, ಎಷ್ಟು ಅರಿಶಿನ. ಒಂದನ್ನೂ ಬಿಡಲಿಲ್ಲ. ಟ್ಯೂಬಿನ ಬಣ್ಣ, ಮೇಲಿನ ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳಿದಳು. ಅಷ್ಟು ಓದು ಅವಳಿಗೆ ಇತ್ತು. ತನಗೆ ಶಿಕ್ಷೆ ಹೇಳುವ ಮನುಷ್ಯನ ಮುಂದೆ ನಿಂತಂತೆ ನಿಂತಿದ್ದಳು. ಡಾಕ್ಟರು ಬರೆದುಕೊಂಡರು.

"ಗುಂಡಿ ಎಲ್ಲಾ ಇದರಿಂದಲೇ ಆದದ್ದಾ ಡಾಕ್ಟರೇ?"

"ಎಲ್ಲಾ ಅಲ್ಲ. ಮೊಡವೆ ಅವಳದ್ದೇ. ಹಿಸುಕಿದ್ದೂ ಅವಳೇ. ಇದು ಅದನ್ನ ಕೆರಳಿಸ್ತಾ ಬಂತು, ವಾಸಿಯಾಗೋಕೆ ಬಿಡಲಿಲ್ಲ. ಸುಳ್ಳು ಯಾಕೆ ಹೇಳಲಿ, ಪಾಲು ಇದೆ." ಅವರು ಮಯೂರಿಯ ಕಡೆ ತಿರುಗಿದರು. "ಒಮ್ಮೆಲೇ ಬಿಟ್ಟಿದ್ದಕ್ಕೆ ಈ ಉರಿ. ಮಾತ್ರೆ ಕೊಡ್ತೀನಿ. ಬರೀ ಮಾಯಿಶ್ಚರೈಸರ್. ಇನ್ನೊಂದು ಕ್ರೀಮು, ಸ್ಟಿರಾಯ್ಡ್ ಅಲ್ಲದ್ದು. ಮೂರು ನಾಲ್ಕು ತಿಂಗಳು ಮುಖ ತಣ್ಣಗಾಗಬೇಕು, ಹೊಸ ಮೊಡವೆ ನಿಲ್ಲಬೇಕು. ಆಮೇಲೆ ಕಿವಿ ಹಿಂದೆ ಚಿಕ್ಕ ಜಾಗದಲ್ಲಿ ಸೂಜಿ ಹಾಕಿ ನೋಡೋದು. ಕಪ್ಪಾಗದಿದ್ರೆ ಮುಂದೆ."

"ಇಂಟರ್‌ವ್ಯೂ?"

"ನಿನ್ನ ಇಂಟರ್‌ವ್ಯೂಗೆ ಹೊಂದುವ ಚಿಕಿತ್ಸೆ ನನ್ನ ಹತ್ರ ಇಲ್ಲಮ್ಮ."

ಸಂದರ್ಶನಕ್ಕೆ ಮಯೂರಿ ಹೋದಳು. ಎತ್ತರದ ಚಪ್ಪಲಿ ಹಾಕಿಕೊಂಡು, ದವಡೆಯ ಮೇಲೆ ಕಪ್ಪಾಗಿ ಕೂತ ಆ ಗೆರೆಯ ಜೊತೆಗೇ ಹೋದಳು. ಒಂದು ಗಂಟೆಯೊಳಗೆ ಬಂದಳು. ಚಪ್ಪಲಿಯನ್ನು ಮಂಚದ ಕೆಳಗೆ ಎಸೆದ ಸದ್ದು ಮಾತ್ರ ಕೇಳಿತು.

ದೀಪಾವಳಿಗೆ ಗುರ್‌ಗಾಂವಿನಲ್ಲಿ ಒಂದು ಕಾಲ್ ಸೆಂಟರಿಗೆ ಸೇರಿದಳು. ಮುಖ ಯಾರೂ ನೋಡದ ಕೆಲಸ ಎಂದು ಚಂದ್ರಪ್ರಭಾ ಮೇಡಂ ಸಮಾಧಾನ ಹೇಳಿದರೆ, ವಿಜಯಮ್ಮ ಫೈಲು ಎತ್ತಿಕೊಂಡು ಹೊರಗೆ ನಡೆದುಬಿಟ್ಟಳು. ಮನೆಯಲ್ಲಿ ಮಾತು ಬೇಕಾದಷ್ಟೇ. ಊಟ ಆಯ್ತಾ. ಕರೆಂಟು ಬಿಲ್ಲು ಬಂತಾ. ಮಯೂರಿ ತನ್ನ ಮದ್ದನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ವಿಜಯಮ್ಮ ಆ ಬೀಗವನ್ನು ನೋಡುತ್ತಿದ್ದಳು, ಬೇಡವೆಂದರೂ ದಿನಕ್ಕೆ ನಾಲ್ಕು ಸಲ. ಬೀಗ ಹಾಕಿದ್ದು ಸರಿ ಎಂದೇ ಅವಳಿಗೆ ಅನ್ನಿಸುತ್ತಿತ್ತು. ಆದರೂ ನೋಡುತ್ತಿದ್ದಳು.

ಉರಿ ತಗ್ಗಲು ಏಳು ವಾರ ಹಿಡಿಯಿತು. ಗುಳ್ಳೆಗಳು ನಿಲ್ಲಲು ಇನ್ನೂ ಎರಡು ತಿಂಗಳು. ಕಿವಿಯ ಹಿಂದಿನ ಪರೀಕ್ಷೆ ಜನವರಿಯಲ್ಲಿ ಆಯಿತು, ಕಪ್ಪಾಗಲಿಲ್ಲ. ಫೆಬ್ರವರಿಯ ಒಂದು ಶನಿವಾರ ಮೊದಲ ರೋಲರ್. ಜೊತೆಗೆ ಒಬ್ಬರು ಬರಲೇಬೇಕು ಎಂದು ಕ್ಲಿನಿಕ್ಕಿನಿಂದ ಫೋನು ಬಂದಿತ್ತು. ಮಯೂರಿ ತನ್ನ ಇಬ್ಬರು ಗೆಳತಿಯರನ್ನು ಕೇಳಿದಳು. ಇಬ್ಬರಿಗೂ ಶಿಫ್ಟು. ಕೊನೆಗೆ ಬಾಗಿಲಲ್ಲಿ ನಿಂತು, ಶೂ ಕಟ್ಟುತ್ತ, "ಬರ್ತೀಯಾ?" ಎಂದಳು.

ವಿಜಯಮ್ಮ ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು.

ಮರಗಟ್ಟಿಸುವ ಕ್ರೀಮನ್ನು ನರ್ಸು ಬಳಿದು ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಹೋದಳು. ಇಬ್ಬರೂ ಒಂದು ಗಂಟೆ ಅಕ್ಕಪಕ್ಕ ಕೂತರು. ವಿಜಯಮ್ಮ ಮೂರು ಸಲ ಎದ್ದಳು.

"ಕೂತ್ಕೋ ಅಮ್ಮ. ನಂಗೇ ಟೆನ್ಶನ್ ಆಗ್ತಿದೆ" ಎಂದಳು ಮಯೂರಿ, ತುಟಿ ಮರಗಟ್ಟಿದ್ದರಿಂದ ತೊದಲುತ್ತ.

ಅವಳು ಕೂತಳು.

ಕೌಂಟರಿನ ಹುಡುಗಿ ಒಪ್ಪಿಗೆಯ ಕಾಗದ ತಂದಳು. ಮಯೂರಿ ಓದಿ ಸಹಿ ಹಾಕಿದಳು. ಕೆಳಗೆ ಜೊತೆಗೆ ಬಂದವರ ಸಹಿಗೆ ಒಂದು ಗೆರೆ ಇತ್ತು. ಪೆನ್ನು ಅಲ್ಲಿ ನಿಂತಿತು. ಮಯೂರಿ ಆ ಗೆರೆಯನ್ನು ನೋಡಿದಳು, ಮತ್ತೆ ಮೇಲಿನ ಸಾಲುಗಳನ್ನು ನೋಡಿದಳು.

"ಇದರಲ್ಲಿ ಏನು ಬರೆದಿದೆ ಅಂದ್ರೆ, ಕೇಳು" ಎಂದಳು. ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಪದ ಸಿಗದ ಕಡೆ ಹಿಂದಿ ಹಾಕಿದಳು. ರಕ್ತ ಬರಬಹುದು. ಕಪ್ಪಾಗಬಹುದು. ಪೂರ್ತಿ ಹೋಗುವುದಿಲ್ಲ. ಏನು ಹಚ್ಚಿದ್ದೆವೆಂಬುದನ್ನು ಮುಚ್ಚಿಡದೆ ಹೇಳಿದ್ದೇವೆ. ಆ ಸಾಲನ್ನು ಓದುವಾಗ ಅವಳು ಕಾಗದದಿಂದ ಕಣ್ಣು ಎತ್ತಲಿಲ್ಲ, ದನಿ ಎತ್ತರಿಸಲೂ ಇಲ್ಲ. "ಸಮಝ್ ಆಯಾ? ಅರ್ಥ ಆಯ್ತಾ?"

"ಆಯ್ತು."

"ಹಾಗಾದ್ರೆ ಹಾಕು."

ವಿಜಯಮ್ಮ ದುಂಡಗೆ ಕನ್ನಡದಲ್ಲಿ ಹೆಸರು ಬರೆದಳು. ಕೌಂಟರಿನ ಹುಡುಗಿ ಕಾಗದವನ್ನು ತಿರುಗಿಸಿ ನೋಡಿದಳು. "ಯೇ ಕ್ಯಾ ಲಿಖಾ ಹೈ ಆಂಟೀ ನೇ?"

"ನಾಮ್ ಲಿಖಾ ಹೈ" ಎಂದಳು ಮಯೂರಿ. "ಮಮ್ಮೀ ಹೈ ಮೇರಿ. ಚಲೇಗಾ."

ಒಳಗಿನಿಂದ ಡಾಕ್ಟರು ಕರೆದರು. ಮಯೂರಿ ಕೈಚೀಲವನ್ನು ತಾಯಿಯ ಮಡಿಲಲ್ಲಿಟ್ಟು ಎದ್ದು ಹೋದಳು. ವಿಜಯಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲು ಮತ್ತೆ ತೆರೆಯುವವರೆಗೆ ಕೂತೇ ಇದ್ದಳು.